ಮುಟ್ಟು ನಿಂತ ಮೇಲೆ ಕಂಡ ಒಂದು ಕಲೆ

ಮುಟ್ಟು ನಿಂತು ವರ್ಷಗಳೇ ಕಳೆದಿವೆ. ಒಂದು ಬೆಳಿಗ್ಗೆ ಒಳಉಡುಪಿನ ಮೇಲೆ ಕಂದು ಬಣ್ಣದ ಕಲೆ ಕಾಣುತ್ತದೆ. ಇದಕ್ಕೆ ಮನೆಮನೆಯಲ್ಲೂ ಸಿದ್ಧ ಉತ್ತರಗಳಿವೆ. ಉಷ್ಣ ಆಗಿದೆ, ಎಳನೀರು ಕುಡಿದರೆ ಸರಿಹೋಗುತ್ತದೆ. ಬಸ್ಸಿನಲ್ಲಿ ದೂರ ಹೋಗಿ ಬಂದಿದ್ದಕ್ಕೆ ಹೀಗಾಗಿದೆ. ನೀರಿನ ಕೊಡ ಎತ್ತಿರಬೇಕು. ಪಕ್ಕದ ಮನೆಯವರಿಗೂ ಮುಟ್ಟು ಮತ್ತೆ ಒಂದು ಸಲ ಬಂದು ಹೋಗಿತ್ತಂತೆ. ಕಲೆ ಒಂದೆರಡು ದಿನದಲ್ಲಿ ಮಾಯವಾದರೆ ಈ ಉತ್ತರಗಳಲ್ಲಿ ಯಾವುದಾದರೊಂದು ನಿಜವೆಂದೇ ಎಲ್ಲರೂ ನಂಬುತ್ತಾರೆ.

ವೈದ್ಯಶಾಸ್ತ್ರ ಇವುಗಳಲ್ಲಿ ಒಂದನ್ನೂ ಒಪ್ಪುವುದಿಲ್ಲ. ಕೊನೆಯ ಮುಟ್ಟಿನಿಂದ ಲೆಕ್ಕ ಹಾಕಿ ಪೂರ್ತಿ 12 ತಿಂಗಳು ಮುಟ್ಟಾಗದಿದ್ದರೆ ಅದನ್ನು ಋತುಬಂಧ ಎನ್ನುತ್ತಾರೆ. ಭಾರತದ ಮಹಿಳೆಯರಲ್ಲಿ ಇದು ಸರಾಸರಿ 46-47ನೇ ವಯಸ್ಸಿನ ಹೊತ್ತಿಗೆ ಆಗುತ್ತದೆ. ಅದಕ್ಕೆ ಮುಂಚಿನ ಕೆಲವು ವರ್ಷ ಮುಟ್ಟು ಎರಡು ತಿಂಗಳು ತಪ್ಪಿ ಮೂರನೆಯ ತಿಂಗಳು ಬರುವುದು ಸಾಮಾನ್ಯ. ಆದರೆ ಒಂದು ವರ್ಷ ದಾಟಿತೆಂದರೆ ಅಂಡಾಶಯಗಳು ತಮ್ಮ ಕೆಲಸ ನಿಲ್ಲಿಸಿವೆ ಎಂದೇ ಅರ್ಥ. ಅಲ್ಲಿಂದ ಮುಂದೆ, ಅದು ಹದಿಮೂರನೇ ತಿಂಗಳಾಗಲಿ, ಮೂವತ್ತು ವರ್ಷದ ನಂತರವಾಗಲಿ, ಕಾಣುವ ರಕ್ತವನ್ನು ಮರಳಿ ಬಂದ ಮುಟ್ಟೆಂದು ತಿಳಿಯುವ ಹಾಗಿಲ್ಲ. ಅದು ಎಲ್ಲಿಂದ ಬಂತು, ಯಾಕೆ ಬಂತು ಎಂದು ಹುಡುಕಲೇಬೇಕು.

ರಕ್ತ ಎಷ್ಟು ಹೋಯಿತು ಎನ್ನುವುದು ಇಲ್ಲಿ ಮುಖ್ಯವಲ್ಲ. ಪ್ಯಾಡ್ ನೆನೆಯುವಷ್ಟು ಹೋದರೂ ರಕ್ತಸ್ರಾವವೇ, ಒರೆಸಿಕೊಂಡಾಗ ಬಟ್ಟೆಗೆ ತಿಳಿ ಗುಲಾಬಿ ಬಣ್ಣ ಹತ್ತಿದರೂ ರಕ್ತಸ್ರಾವವೇ. ನೋವಿಲ್ಲ ಎಂಬ ಸಮಾಧಾನಕ್ಕೂ ಆಧಾರವಿಲ್ಲ, ಏಕೆಂದರೆ ಗರ್ಭಕೋಶದ ಒಳಪದರದ ಕ್ಯಾನ್ಸರ್ ಶುರುವಿನಲ್ಲಿ ಸಾಮಾನ್ಯವಾಗಿ ನೋಯುವುದಿಲ್ಲ. ಒಂದೇ ಸಲ ಕಂಡು ನಿಂತುಹೋಯಿತು ಎಂಬುದೂ ಅಷ್ಟೆ. ಕ್ಯಾನ್ಸರಿನಿಂದ ಬರುವ ರಕ್ತವೂ ಒಮ್ಮೆ ಕಂಡು, ವಾರಗಟ್ಟಲೆ ಸುಮ್ಮನಿದ್ದು, ಮತ್ತೆ ಕಾಣಿಸಿಕೊಳ್ಳಬಲ್ಲದು.

ಹಾಗೆಂದು ಕಲೆ ಕಂಡ ಕೂಡಲೇ ಎದೆಯೊಡೆದುಕೊಳ್ಳಬೇಕಿಲ್ಲ. ಜಗತ್ತಿನ ಬೇರೆ ಬೇರೆ ಕಡೆ ನಡೆದ ನೂರಕ್ಕೂ ಹೆಚ್ಚು ಅಧ್ಯಯನಗಳನ್ನು, ಒಟ್ಟು 40 ಸಾವಿರ ಮಹಿಳೆಯರ ಮಾಹಿತಿಯನ್ನು, ಒಟ್ಟುಗೂಡಿಸಿದ ವಿಶ್ಲೇಷಣೆಯೊಂದು 2018ರಲ್ಲಿ ಪ್ರಕಟವಾಯಿತು. ಮುಟ್ಟು ನಿಂತ ಮೇಲೆ ರಕ್ತ ಕಂಡ ನೂರು ಮಂದಿಯಲ್ಲಿ ಸುಮಾರು 9 ಜನರಿಗೆ ಗರ್ಭಕೋಶದ ಒಳಪದರದ ಕ್ಯಾನ್ಸರ್ ಇರುತ್ತದೆ ಎಂದು ಅದು ಹೇಳಿತು. ಉಳಿದವರಲ್ಲಿ ಬಹುಪಾಲು ಜನರಿಗೆ ಇದ್ದದ್ದು ಸುಲಭವಾಗಿ ವಾಸಿಯಾಗುವ ತೊಂದರೆ. ಅದೇ ವಿಶ್ಲೇಷಣೆ ಕಂಡುಕೊಂಡ ಇನ್ನೊಂದು ಅಂಕಿಯನ್ನು ಜೊತೆಗಿಟ್ಟು ನೋಡಬೇಕು. ಋತುಬಂಧದ ನಂತರ ಈ ಕ್ಯಾನ್ಸರ್ ಬಂದ ನೂರು ಮಹಿಳೆಯರಲ್ಲಿ ಸುಮಾರು 90 ಮಂದಿಗೆ ರಕ್ತ ಕಂಡಿತ್ತು. ದೇಹದ ಒಳಗಿನ ಕ್ಯಾನ್ಸರುಗಳಲ್ಲಿ ಇಷ್ಟು ಜನರಿಗೆ, ಇಷ್ಟು ಬೇಗ, ಕಣ್ಣಿಗೆ ಕಾಣುವಂಥ ಸೂಚನೆ ಕೊಡುವವು ಬಹಳ ಕಡಿಮೆ. ಮೇದೋಜೀರಕ ಗ್ರಂಥಿಯ ಕ್ಯಾನ್ಸರಾಗಲಿ ಅಂಡಾಶಯದ ಕ್ಯಾನ್ಸರಾಗಲಿ ಇಂಥ ಉಪಕಾರ ಮಾಡುವುದಿಲ್ಲ. ಆ ಒಂಬತ್ತು ಮಂದಿ ಯಾರೆಂದು ಮುಖ ನೋಡಿ, ರಕ್ತದ ಬಣ್ಣ ನೋಡಿ ಹೇಳಲು ಯಾರಿಗೂ ಆಗದು. ಅದಕ್ಕಾಗಿ ನೂರಕ್ಕೆ ನೂರು ಮಂದಿಯನ್ನೂ ಪರೀಕ್ಷಿಸಬೇಕು.

ಹೆಚ್ಚಿನವರಲ್ಲಿ ರಕ್ತಕ್ಕೆ ಕಾರಣ ಒಳಪದರ ಸೊರಗಿರುವುದು. ಈಸ್ಟ್ರೋಜನ್ ಎಂಬ ಹಾರ್ಮೋನು ಇಳಿದಾಗ ಯೋನಿಯ ಮತ್ತು ಗರ್ಭಕೋಶದ ಒಳಪದರಗಳು ತೆಳುವಾಗಿ ಒಣಗುತ್ತವೆ. ಅವುಗಳ ಕೆಳಗಿನ ಸಣ್ಣ ರಕ್ತನಾಳಗಳು ಸ್ವಲ್ಪ ತಿಕ್ಕಾಟಕ್ಕೂ ಒಡೆಯುತ್ತವೆ. ಇದಕ್ಕೆ ಮುಲಾಮಿನಂಥ ಸರಳ ಚಿಕಿತ್ಸೆ ಇದೆ. ಇನ್ನು ಕೆಲವರಲ್ಲಿ ಒಳಪದರದಿಂದ ಪಾಲಿಪ್ ಎಂಬ ಸಣ್ಣ ಮಾಂಸದ ಕುಡಿ ಜೋತುಬಿದ್ದಿರುತ್ತದೆ. ಈ ಎರಡನ್ನು ಬಿಟ್ಟರೆ ಎಚ್ಚರಿಕೆಯಿಂದ ನೋಡಬೇಕಾದದ್ದು ಒಳಪದರ ತೆಳುವಾಗುವ ಬದಲು ದಪ್ಪಗಾಗುವ ಸ್ಥಿತಿಯನ್ನು.

ದಪ್ಪಗಾಗುವುದು ಏಕೆ ಎಂಬುದಕ್ಕೆ ಅಮೆರಿಕದಲ್ಲಿ ನಡೆದದ್ದೇ ಸಾಕ್ಷಿ. ಅಲ್ಲಿ 1960ರ ದಶಕದಲ್ಲಿ ಋತುಬಂಧದ ಬಿಸಿಯುಬ್ಬರ, ಬೆವರು, ನಿದ್ದೆಗೆಡುವಿಕೆಗಳಿಗೆ ಈಸ್ಟ್ರೋಜನ್ ಮಾತ್ರೆ ನುಂಗುವುದು ದೊಡ್ಡ ರೂಢಿಯಾಯಿತು. ಯೌವನವನ್ನು ಉಳಿಸುವ ಮಾತ್ರೆ ಎಂಬ ಪ್ರಚಾರವೂ ಸಿಕ್ಕಿತು. 1975ರ ಡಿಸೆಂಬರಿನಲ್ಲಿ ಸಿಯಾಟಲ್ ಮತ್ತು ಲಾಸ್ ಏಂಜಲೀಸ್‌ನ ಸಂಶೋಧಕರ ಎರಡು ಪ್ರಬಂಧಗಳು ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಒಟ್ಟಿಗೆ ಬಂದವು. ಈಸ್ಟ್ರೋಜನ್ ಒಂದನ್ನೇ ತೆಗೆದುಕೊಂಡವರಲ್ಲಿ ಗರ್ಭಕೋಶದ ಒಳಪದರದ ಕ್ಯಾನ್ಸರ್ ಹಲವು ಪಟ್ಟು ಹೆಚ್ಚು ಎಂದು ಎರಡೂ ತೋರಿಸಿದವು. ಮಾತ್ರೆಯ ಮಾರಾಟ ಕುಸಿಯಿತು, ಅದರ ಹಿಂದೆಯೇ ಈ ಕ್ಯಾನ್ಸರಿನ ಪ್ರಮಾಣವೂ ಇಳಿಯಿತು. ಈಸ್ಟ್ರೋಜನ್ ಒಳಪದರವನ್ನು ಬೆಳೆಸುತ್ತದೆ, ಪ್ರೊಜೆಸ್ಟರಾನ್ ಎಂಬ ಇನ್ನೊಂದು ಹಾರ್ಮೋನು ಆ ಬೆಳವಣಿಗೆಗೆ ತಡೆ ಹಾಕುತ್ತದೆ. ತಡೆಯಿಲ್ಲದ ಈಸ್ಟ್ರೋಜನ್ ವರ್ಷಗಟ್ಟಲೆ ದೊರೆತರೆ ಒಳಪದರದ ಕಣಗಳು ದಾರಿ ತಪ್ಪುವ ಸಾಧ್ಯತೆ ಹೆಚ್ಚುತ್ತದೆ. ಹೀಗಾಗಿ ಈಗ ಗರ್ಭಕೋಶ ಇರುವ ಮಹಿಳೆಗೆ ಹಾರ್ಮೋನು ಚಿಕಿತ್ಸೆ ಕೊಡುವಾಗ ಎರಡನ್ನೂ ಸೇರಿಸಿಯೇ ಕೊಡುತ್ತಾರೆ.

ಮಾತ್ರೆ ನುಂಗದವರಿಗೂ ಈ ಪಾಠ ಅನ್ವಯಿಸುತ್ತದೆ. ಅಂಡಾಶಯ ಕೆಲಸ ನಿಲ್ಲಿಸಿದ ಮೇಲೂ ದೇಹದ ಕೊಬ್ಬು ಬೇರೆ ಹಾರ್ಮೋನುಗಳನ್ನು ಈಸ್ಟ್ರೋಜನ್ನಾಗಿ ಬದಲಿಸುತ್ತಲೇ ಇರುತ್ತದೆ. ಕೊಬ್ಬು ಹೆಚ್ಚಿದ್ದಷ್ಟೂ ಈಸ್ಟ್ರೋಜನ್ ಹೆಚ್ಚು, ತಡೆಯೊಡ್ಡುವ ಪ್ರೊಜೆಸ್ಟರಾನ್ ಮಾತ್ರ ಇಲ್ಲ. ತೂಕ ಜಾಸ್ತಿ ಇರುವವರು, ಶುಗರ್ ಇರುವವರು, ವಯಸ್ಸಿನಲ್ಲಿ ಪಿಸಿಓಡಿಯಿಂದ ಮುಟ್ಟು ತಿಂಗಳುಗಟ್ಟಲೆ ತಪ್ಪುತ್ತಿದ್ದವರು, ಹೆರದೇ ಇದ್ದವರು, ಮುಟ್ಟು ತಡವಾಗಿ ನಿಂತವರು ಈ ಕ್ಯಾನ್ಸರಿನ ವಿಷಯದಲ್ಲಿ ಹೆಚ್ಚು ಎಚ್ಚರದಿಂದಿರಬೇಕು. ಸ್ತನ ಕ್ಯಾನ್ಸರಿಗೆ ಟ್ಯಾಮೋಕ್ಸಿಫೆನ್ ಮಾತ್ರೆ ತೆಗೆದುಕೊಳ್ಳುವವರೂ ಈ ಗುಂಪಿಗೇ ಸೇರುತ್ತಾರೆ. ಆ ಮಾತ್ರೆ ಸ್ತನದಲ್ಲಿ ಈಸ್ಟ್ರೋಜನ್ನನ್ನು ತಡೆಯುತ್ತದೆ, ಆದರೆ ಗರ್ಭಕೋಶದ ಒಳಪದರದಲ್ಲಿ ಈಸ್ಟ್ರೋಜನ್ನಿನಂತೆಯೇ ವರ್ತಿಸುತ್ತದೆ. ಕುಟುಂಬದಲ್ಲಿ ಹಲವರಿಗೆ ದೊಡ್ಡ ಕರುಳಿನ ಅಥವಾ ಗರ್ಭಕೋಶದ ಕ್ಯಾನ್ಸರ್ ಬಂದಿದ್ದರೆ ಅದನ್ನೂ ವೈದ್ಯರಿಗೆ ಹೇಳಬೇಕು.

ಪರೀಕ್ಷೆ ಹೇಗೆ ನಡೆಯುತ್ತದೆ, ಎಲ್ಲಿ ಎಡವುತ್ತದೆ ಎಂಬುದು ಒಬ್ಬ ಮಹಿಳೆಯ ಜೊತೆಗೇ ಹೋದರೆ ಚೆನ್ನಾಗಿ ತಿಳಿಯುತ್ತದೆ. ಕೆಳಗಿನದು ಯಾರೊಬ್ಬರ ಕಥೆಯೂ ಅಲ್ಲ, ಸ್ತ್ರೀರೋಗ ತಜ್ಞರ ಬಳಿ ಮತ್ತೆ ಮತ್ತೆ ಬರುವಂಥ ಅನುಭವಗಳನ್ನು ಸೇರಿಸಿ ಹೆಣೆದ ಒಂದು ಮಾದರಿ.

ಆಕೆಗೆ 61 ವರ್ಷ. ತಾಲೂಕು ಕೇಂದ್ರದ ಹತ್ತಿರದ ಹಳ್ಳಿ. ಇಬ್ಬರು ಗಂಡುಮಕ್ಕಳು, ಮೊಮ್ಮಕ್ಕಳು. ಹತ್ತು ವರ್ಷದಿಂದ ಶುಗರಿಗೂ ಬಿಪಿಗೂ ಮಾತ್ರೆ. ತೂಕ 78 ಕೆಜಿ. ಮುಟ್ಟು ನಿಂತದ್ದು 53ಕ್ಕೆ. ದೀಪಾವಳಿಯ ಹೊತ್ತಿಗೆ ಎರಡು ದಿನ ಕಂದು ಕಲೆ ಕಂಡಿತು. ಯಾರಿಗೂ ಹೇಳಲಿಲ್ಲ. ಎಂಟು ವರ್ಷದ ನಂತರ ಮತ್ತೆ ಮುಟ್ಟಾದೆ ಎಂದು ಹೇಳಿಕೊಳ್ಳುವುದು ಹೇಗೆ? ಬೆಳಗಿನ ಜಾವ ಎದ್ದು ತನ್ನ ಬಟ್ಟೆಯನ್ನು ತಾನೇ ಬೇರೆಯಾಗಿ ಒಗೆದು ಹಿತ್ತಲಿನ ಮೂಲೆಯಲ್ಲಿ ಒಣಹಾಕಿದರು. ಸಂಕ್ರಾಂತಿಯ ಮುಂದೆ ಮತ್ತೆ ಕಂಡಿತು, ಈ ಸಲ ಕೆಂಪಗೆ. ಮೊಣಕಾಲು ನೋವಿಗೆಂದು ಹೋಗಿದ್ದಾಗ ಊರಿನ ಡಾಕ್ಟರಿಗೆ ಮೆಲ್ಲಗೆ ಹೇಳಿದರು. ಅವರು ರಕ್ತ ನಿಲ್ಲುವ ಮಾತ್ರೆ ಐದು ದಿನಕ್ಕೆ ಬರೆದುಕೊಟ್ಟರು. ರಕ್ತ ನಿಂತಿತು. ಯಾಕೆ ಬಂದಿತ್ತು ಎಂಬ ಪ್ರಶ್ನೆ ಹಾಗೇ ಉಳಿಯಿತು.

ಯುಗಾದಿಗೆ ಮೂರನೇ ಸಲ ರಕ್ತ ಕಂಡಾಗ ಹಿತ್ತಲಿನ ಬಟ್ಟೆ ಸೊಸೆಯ ಕಣ್ಣಿಗೆ ಬಿತ್ತು. “ಅತ್ತೆ, ಇದು ಉಷ್ಣ ಅಲ್ಲ. ನಾಳೆ ಬೆಳಿಗ್ಗೆ ಬಸ್ಸಿಗೆ ಹೋಗಿ ಲೇಡಿ ಡಾಕ್ಟರಿಗೆ ತೋರಿಸಿಕೊಂಡೇ ಬರೋಣ” ಎಂದಳು ಆಕೆ. ಗಂಡಂದಿರಿಗೆ ಮೊಣಕಾಲು ನೋವಿಗೆ ಎಂದೇ ಹೇಳಿ ಇಬ್ಬರೂ ಹೊರಟರು.

ಸ್ತ್ರೀರೋಗ ತಜ್ಞೆ ಮೊದಲು ಕೇಳಿದ್ದು, “ಮುಟ್ಟು ನಿಂತು ಎಷ್ಟು ವರ್ಷ ಆಯ್ತಮ್ಮಾ? ರಕ್ತ ಮೊದಲು ಕಂಡದ್ದು ಯಾವಾಗ? ಯಾವ್ಯಾವ ಮಾತ್ರೆ ತಗೋತಿದ್ದೀರಿ?” ಆಮೇಲೆ ಟೇಬಲ್ ಮೇಲೆ ಮಲಗಿಸಿ, ಸ್ಪೆಕ್ಯುಲಮ್ ಹಾಕಿ, ಬೆಳಕು ಬಿಟ್ಟು ಯೋನಿಯನ್ನೂ ಗರ್ಭಕೋಶದ ಬಾಯಿಯನ್ನೂ ಕಣ್ಣಾರೆ ನೋಡಿದರು. ರಕ್ತ ಮೂತ್ರದ ದಾರಿಯಿಂದಲೋ ಮೂಲವ್ಯಾಧಿಯಿಂದಲೋ ಬಂದಿರಬಹುದೇ ಎಂದೂ ಪರೀಕ್ಷಿಸಿದರು. ಎಷ್ಟೋ ಮಹಿಳೆಯರಿಗೆ ಇದು ತಮಗೇ ಗೊತ್ತಾಗುವುದಿಲ್ಲ. ಗರ್ಭಕೋಶದ ಬಾಯಿ ನೋಡಲು ಚೆನ್ನಾಗಿತ್ತು. ಅಲ್ಲಿಂದ ಪ್ಯಾಪ್ ಸ್ಮಿಯರ್‌ಗೆ ಮಾದರಿ ತೆಗೆದರು.

ಅದೇ ದಿನ ಸ್ಕ್ಯಾನಿಂಗ್. ಹೊಟ್ಟೆಯ ಮೇಲೆ ಜೆಲ್ ಹಚ್ಚಿ ಮಾಡುವ ಸ್ಕ್ಯಾನಿಂಗ್ ಇದಕ್ಕೆ ಸಾಲದು. ಯೋನಿಯ ಮೂಲಕ ತೆಳುವಾದ ಪ್ರೋಬ್ ಇಟ್ಟು ಮಾಡುವುದೇ ಬೇಕು, ಏಕೆಂದರೆ ಇಲ್ಲಿ ಅಳೆಯಬೇಕಿರುವುದು ಮಿಲಿಮೀಟರ್ ಲೆಕ್ಕದ ದಪ್ಪವನ್ನು. ಆಕೆಯ ಒಳಪದರ 14 ಮಿಲಿಮೀಟರ್ ಇತ್ತು. ಋತುಬಂಧದ ನಂತರ ರಕ್ತ ಕಂಡ ಮಹಿಳೆಯಲ್ಲಿ 4 ಮಿಲಿಮೀಟರ್ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಕ್ಯಾನ್ಸರಿನ ಸಾಧ್ಯತೆ ನೂರಕ್ಕೆ ಒಂದಕ್ಕಿಂತಲೂ ಕಡಿಮೆ. ಅದಕ್ಕಿಂತ ಹೆಚ್ಚಿದ್ದರೆ ಒಳಪದರದ ತುಣುಕು ತೆಗೆದು ನೋಡಬೇಕು.

ತುಣುಕು ತೆಗೆಯುವುದು ಎಂದಾಗ ಅತ್ತೆ ಸೊಸೆ ಇಬ್ಬರೂ ಬೆದರಿದರು. ಆಪರೇಷನ್ ಥಿಯೇಟರ್, ಪ್ರಜ್ಞೆ ತಪ್ಪಿಸುವುದು, ಎರಡು ದಿನ ಅಡ್ಮಿಟ್ ಆಗುವುದು ಎಲ್ಲ ಕಣ್ಣ ಮುಂದೆ ಬಂತು. ಹಿಂದೆ ಹಾಗೆಯೇ ಇತ್ತು, ಅದನ್ನೇ ಜನ ‘ಕ್ಲೀನಿಂಗ್’ ಎನ್ನುತ್ತಿದ್ದರು. ಈಗ ಬಹುಪಾಲು ಮಹಿಳೆಯರಿಗೆ ಹೊರರೋಗಿ ವಿಭಾಗದಲ್ಲೇ ಮುಗಿಯುತ್ತದೆ. ಬಾಲ್‌ಪೆನ್ನಿನ ರೀಫಿಲ್‌ನಷ್ಟು ಸಪೂರವಾದ, ಬಾಗುವ ಪ್ಲಾಸ್ಟಿಕ್ ಕೊಳವೆಯೊಂದಿದೆ, ಹೆಸರು ಪೈಪೆಲ್. ಅದನ್ನು ಗರ್ಭಕೋಶದ ಬಾಯಿಯ ಮೂಲಕ ಒಳಗೆ ತೂರಿಸಿ, ಒಳಗಿನ ಕಡ್ಡಿಯನ್ನು ಹಿಂದಕ್ಕೆಳೆದರೆ ಎಳೆತಕ್ಕೆ ಒಳಪದರದ ಚೂರುಗಳು ಕೊಳವೆಯೊಳಗೆ ಬರುತ್ತವೆ. ಅವುಗಳನ್ನು ಫಾರ್ಮಲಿನ್ ದ್ರಾವಣದ ಬಾಟಲಿಗೆ ಹಾಕಿ ಲ್ಯಾಬಿಗೆ ಕಳಿಸುತ್ತಾರೆ. ಮುಟ್ಟಿನ ನೋವಿನಂತೆ ಕೆಲವು ಕ್ಷಣ ಜೋರಾಗಿ ಹಿಂಡುತ್ತದೆ, ಕೆಲವರಿಗೆ ಸ್ವಲ್ಪ ಹೆಚ್ಚೇ ನೋಯುತ್ತದೆ. ಮುಂಚೆಯೇ ನೋವಿನ ಮಾತ್ರೆ ಕೇಳಿ ತೆಗೆದುಕೊಳ್ಳಬಹುದು, ತಡೆಯಲಾಗದಿದ್ದರೆ ನಿಲ್ಲಿಸಿ ಎನ್ನಲೂಬಹುದು. ಹದಿನೈದು ನಿಮಿಷದಲ್ಲಿ ಆಕೆ ಟೇಬಲ್ಲಿನಿಂದ ಇಳಿದು ಹೊರಗೆ ಬಂದು ಕಾಫಿ ಕುಡಿದರು.

ಪ್ಯಾಪ್ ಸ್ಮಿಯರ್ ರಿಪೋರ್ಟ್ ಮೊದಲು ಬಂತು, ಎಲ್ಲ ಸರಿ ಇದೆ ಎಂದಿತ್ತು. ಅನೇಕರು ಹುಡುಕಾಟ ನಿಲ್ಲಿಸುವುದು ಇಲ್ಲೇ. ಪ್ಯಾಪ್ ಸ್ಮಿಯರ್ ಗರ್ಭಕೋಶದ ಬಾಯಿಯ ಕಣಗಳನ್ನು ನೋಡುವ ಪರೀಕ್ಷೆ, ಒಳಪದರದ ಕ್ಯಾನ್ಸರನ್ನು ಹಿಡಿಯಲು ಮಾಡಿದ್ದಲ್ಲ. ಅದು ನಾರ್ಮಲ್ ಬಂದರೆ ಒಳಪದರವೂ ನಾರ್ಮಲ್ ಎಂದುಕೊಳ್ಳುವ ಹಾಗಿಲ್ಲ. ಹತ್ತು ದಿನಕ್ಕೆ ಬಯಾಪ್ಸಿ ರಿಪೋರ್ಟ್ ಬಂತು. ಒಳಪದರದ ಕ್ಯಾನ್ಸರ್, ಎಂಡೊಮೆಟ್ರಿಯಾಯ್ಡ್ ಬಗೆ, ಗ್ರೇಡ್ ಒಂದು. ಈ ಬಗೆ ಸಾಮಾನ್ಯವಾಗಿ ನಿಧಾನಕ್ಕೆ ಬೆಳೆಯುವಂಥದ್ದು. ದೀಪಾವಳಿಯಿಂದ ಯುಗಾದಿವರೆಗೆ ಕಳೆದ ಐದು ತಿಂಗಳು ಆಕೆಯ ಪಾಲಿಗೆ ದುಬಾರಿಯಾಗದೆ ಉಳಿದದ್ದು ಅದರಿಂದಲೇ. ಬೇರೆ ಬಗೆಯಾಗಿದ್ದರೆ ಹಾಗಾಗುತ್ತಿರಲಿಲ್ಲ.

ಎಂಆರ್‌ಐ ಮಾಡಿದಾಗ ಕ್ಯಾನ್ಸರ್ ಗರ್ಭಕೋಶದ ಗೋಡೆಯ ಅರ್ಧಕ್ಕಿಂತ ಕಡಿಮೆ ಆಳಕ್ಕೆ ಇಳಿದಿರುವುದು ಕಂಡಿತು. ಕ್ಯಾನ್ಸರ್ ಶಸ್ತ್ರಚಿಕಿತ್ಸಕರು ಲ್ಯಾಪ್ರೋಸ್ಕೋಪಿ ಮೂಲಕ ಗರ್ಭಕೋಶ, ಎರಡೂ ನಾಳ, ಎರಡೂ ಅಂಡಾಶಯ ತೆಗೆದರು. ರೋಗ ಹರಡುವುದಿದ್ದರೆ ಮೊದಲು ತಲುಪುವ ದುಗ್ಧಗ್ರಂಥಿಗಳನ್ನೂ ತೆಗೆದು ಪರೀಕ್ಷೆಗೆ ಕಳಿಸಿದರು. ಅವುಗಳಲ್ಲಿ ಏನೂ ಸಿಗಲಿಲ್ಲ. ಮೊದಲ ಹಂತ ಎಂದಾಯಿತು. ಕಿಮೋ ಬೇಕಾಗಲಿಲ್ಲ, ರೇಡಿಯೇಷನ್ನೂ ಬೇಕಾಗಲಿಲ್ಲ. ಕೆಲವು ತಿಂಗಳಿಗೊಮ್ಮೆ ಬಂದು ತೋರಿಸಿಕೊಂಡು ಹೋಗಲು ಹೇಳಿದರು.

ಬೇಗ ಬಂದವರಿಗೂ ತಡವಾಗಿ ಬಂದವರಿಗೂ ಇರುವ ಅಂತರವನ್ನು ಅಮೆರಿಕದ ಕ್ಯಾನ್ಸರ್ ದಾಖಲೆಗಳು ಸ್ಪಷ್ಟವಾಗಿ ತೋರಿಸುತ್ತವೆ. ಕ್ಯಾನ್ಸರ್ ಗರ್ಭಕೋಶದ ಒಳಗೇ ಇದ್ದಾಗ ಪತ್ತೆಯಾದರೆ ಐದು ವರ್ಷದ ನಂತರ ಬದುಕಿರುವವರು ನೂರಕ್ಕೆ ಸುಮಾರು 95. ಶ್ವಾಸಕೋಶ, ಯಕೃತ್ತಿನಂಥ ದೂರದ ಅಂಗಗಳಿಗೆ ಹರಡಿದ ಮೇಲೆ ಪತ್ತೆಯಾದರೆ ಆ ಸಂಖ್ಯೆ ಇಪ್ಪತ್ತರ ಆಸುಪಾಸಿಗೆ ಕುಸಿಯುತ್ತದೆ. ಇಂಗ್ಲೆಂಡಿನ 2015ರ ವೈದ್ಯಕೀಯ ಮಾರ್ಗಸೂಚಿ 55 ದಾಟಿದ ಮಹಿಳೆಗೆ ಹೀಗೆ ರಕ್ತ ಕಂಡರೆ ಎರಡು ವಾರದೊಳಗೆ ತಜ್ಞರು ನೋಡಬೇಕು ಎಂದದ್ದು ಇದೇ ಕಾರಣಕ್ಕೆ. ಇಲ್ಲಿಯೂ ಅದೇ ಅಳತೆ ಇಟ್ಟುಕೊಳ್ಳಬಹುದು: ಕಲೆ ಕಂಡ ಒಂದೆರಡು ವಾರದೊಳಗೆ ಸ್ತ್ರೀರೋಗ ತಜ್ಞರ ಮುಂದೆ ಕೂತಿರಬೇಕು. ಗಂಟೆಗೊಂದು ಪ್ಯಾಡ್ ನೆನೆಯುತ್ತಿದ್ದರೆ, ತಲೆ ಸುತ್ತುತ್ತಿದ್ದರೆ ಅಷ್ಟು ದಿನವೂ ಕಾಯುವಂತಿಲ್ಲ, ಅಂದೇ ಆಸ್ಪತ್ರೆಗೆ ಹೋಗಬೇಕು.

ನಾಲ್ಕು ಮಿಲಿಮೀಟರಿನ ನಿಯಮಕ್ಕೂ ಮಿತಿಗಳಿವೆ, ಅವು ರೋಗಿಗೂ ತಿಳಿದಿದ್ದರೆ ಒಳ್ಳೆಯದು. ಟ್ಯಾಮೋಕ್ಸಿಫೆನ್ ತೆಗೆದುಕೊಳ್ಳುವವರಲ್ಲಿ ಆ ಮಾತ್ರೆಯೇ ಒಳಪದರವನ್ನು ಸ್ಕ್ಯಾನಿಂಗಿನಲ್ಲಿ ದಪ್ಪಗೆ ಕಾಣುವಂತೆ ಮಾಡುತ್ತದೆ, ಆದ್ದರಿಂದ ಅವರಿಗೆ ರಕ್ತ ಕಂಡರೆ ಅಳತೆಯನ್ನು ನಂಬಿ ಕೂರದೆ ಒಳಪದರವನ್ನೇ ಪರೀಕ್ಷಿಸಬೇಕು. ದೊಡ್ಡ ಫೈಬ್ರಾಯ್ಡ್ ಗಡ್ಡೆಗಳಿದ್ದಾಗ ಒಳಪದರ ಪೂರ್ತಿ ಕಾಣುವುದಿಲ್ಲ. ಕಾಣದ್ದನ್ನು ಅಳೆದ ಅಂಕಿಗೆ ಬೆಲೆಯಿಲ್ಲ. ಎಲ್ಲಕ್ಕಿಂತ ಕಷ್ಟದ್ದು ಸೀರಸ್ ಎಂಬ ಬಗೆಯ ಕ್ಯಾನ್ಸರ್. ಇದು ಈಸ್ಟ್ರೋಜನ್ನಿನ ಹಂಗಿಲ್ಲದೆ, ಸೊರಗಿದ ತೆಳು ಒಳಪದರದಲ್ಲೇ ಹುಟ್ಟಬಲ್ಲದು, ಬೇಗ ಹರಡುವ ಸ್ವಭಾವದ್ದು. ಸಪೂರ ಮೈಕಟ್ಟಿನ, ಶುಗರ್ ಇಲ್ಲದ ವಯಸ್ಸಾದ ಮಹಿಳೆಗೂ ಬರುತ್ತದೆ. ಒಳಪದರ ಮೂರೇ ಮಿಲಿಮೀಟರ್ ಇದೆ ಎಂಬ ರಿಪೋರ್ಟ್ ಕೈಯಲ್ಲಿದ್ದರೂ ರಕ್ತ ಮತ್ತೆ ಕಂಡರೆ ಬಯಾಪ್ಸಿ ಆಗಲೇಬೇಕು ಎನ್ನುವುದಕ್ಕೆ ಈ ಬಗೆಯೇ ಕಾರಣ.

ಭಾರತದ ಮಟ್ಟಿಗೆ ಇನ್ನೊಂದು ಎಚ್ಚರಿಕೆ ಅಗತ್ಯ. ಪಾಶ್ಚಾತ್ಯ ದೇಶಗಳಲ್ಲಿ ಮುಟ್ಟು ನಿಂತ ಮೇಲಿನ ರಕ್ತಸ್ರಾವ ಎಂದರೆ ಮೊದಲು ನೆನಪಾಗುವುದು ಒಳಪದರದ ಕ್ಯಾನ್ಸರ್. ಇಲ್ಲಿ ಗರ್ಭಕೋಶದ ಕೊರಳಿನ ಕ್ಯಾನ್ಸರನ್ನೂ ಅಷ್ಟೇ ಗಂಭೀರವಾಗಿ ನೋಡಬೇಕು. ಭಾರತದ ಮಹಿಳೆಯರಲ್ಲಿ ಸ್ತನ ಕ್ಯಾನ್ಸರ್ ಬಿಟ್ಟರೆ ಅತಿ ಹೆಚ್ಚಾಗಿ ಕಾಣುವುದು ಇದೇ. ಗಂಡನ ಜೊತೆ ಸೇರಿದ ಮೇಲೆ ರಕ್ತ ಕಾಣುವುದು, ವಾಸನೆಯ ಬಿಳಿಸೆರಗು, ಅದರಲ್ಲಿ ರಕ್ತದ ಎಳೆ ಇವು ಇದರ ಲಕ್ಷಣಗಳಾಗಿರಬಹುದು. ಬೆಳೆದ ಗಡ್ಡೆ ಸ್ಪೆಕ್ಯುಲಮ್ ಹಾಕಿದ ಕೂಡಲೇ ಕಣ್ಣಿಗೆ ಕಾಣುತ್ತದೆ, ಸ್ಕ್ಯಾನಿಂಗಿನಲ್ಲಿ ತಪ್ಪಿಹೋಗಲೂಬಹುದು. ಸ್ಕ್ಯಾನಿಂಗ್ ರಿಪೋರ್ಟ್ ಮಾತ್ರ ನೋಡಿ, ಒಳಗೆ ಪರೀಕ್ಷಿಸದೆ ಔಷಧಿ ಬರೆದುಕೊಟ್ಟರೆ ಆ ಭೇಟಿ ಅರ್ಧವಾದಂತೆ. ಪರೀಕ್ಷೆಗೆ ನಾಚಿಕೆಯಾಗುವುದು ಸಹಜ. ಮಹಿಳಾ ವೈದ್ಯರೇ ಬೇಕೆಂದು, ಜೊತೆಗೆ ಮಗಳೋ ಸೊಸೆಯೋ ಇರಬೇಕೆಂದು ಕೇಳುವುದರಲ್ಲಿ ತಪ್ಪೇನೂ ಇಲ್ಲ.

ನಾಚಿಕೆಗಿಂತ ಹೆಚ್ಚಾಗಿ ಮಹಿಳೆಯರನ್ನು ಹಿಂದೆಳೆಯುವುದು ಭಯ. ತೋರಿಸಲು ಹೋದರೆ ಗರ್ಭಕೋಶ ತೆಗೆದೇ ಕಳಿಸುತ್ತಾರೆ ಎಂಬ ಮಾತು ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಸುಮ್ಮನೆ ಹುಟ್ಟಿದ್ದಲ್ಲ. ಕಲಬುರಗಿ ಜಿಲ್ಲೆಯ ತಾಂಡಾಗಳ ಬಡ ಮಹಿಳೆಯರಿಗೆ, ನಲವತ್ತು ತುಂಬದವರಿಗೂ, ಬಿಳಿಸೆರಗು, ಹೊಟ್ಟೆನೋವಿನಂಥ ಕಾರಣಗಳಿಗೇ ಗರ್ಭಕೋಶ ತೆಗೆದ ದೂರುಗಳು ಕಳೆದ ದಶಕದಲ್ಲಿ ದೊಡ್ಡ ಹೋರಾಟಕ್ಕೆ ಕಾರಣವಾಗಿದ್ದವು. ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯಲು ಕೇಂದ್ರ ಆರೋಗ್ಯ ಇಲಾಖೆ 2022ರಲ್ಲಿ ಮಾರ್ಗಸೂಚಿ ರೂಪಿಸಿತು. ಅದನ್ನು ಮೂರು ತಿಂಗಳೊಳಗೆ ಜಾರಿಗೆ ತರಬೇಕೆಂದು 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಹೇಳಿತು.

ಮುಟ್ಟು ನಿಂತ ಮೇಲಿನ ರಕ್ತಸ್ರಾವದ ವಿಷಯದಲ್ಲಿ ಈ ಆತುರದ ಆಪರೇಷನ್ ಎರಡು ಬಗೆಯಲ್ಲಿ ಕೆಡಕು. ಒಳಪದರ ಸೊರಗಿದ್ದಕ್ಕೆ ಮುಲಾಮು ಸಾಕಾಗಿದ್ದ ಮಹಿಳೆ ಅನಗತ್ಯವಾಗಿ ಅಂಗ ಕಳೆದುಕೊಳ್ಳುತ್ತಾಳೆ. ನಿಜವಾಗಿಯೂ ಕ್ಯಾನ್ಸರ್ ಇದ್ದವಳಿಗೆ ಆಗುವ ಹಾನಿ ಇನ್ನೂ ದೊಡ್ಡದು. ಕೊರಳಿನ ಕ್ಯಾನ್ಸರಿಗೆ ಬೇಕಾದ ಶಸ್ತ್ರಚಿಕಿತ್ಸೆಯೇ ಬೇರೆ, ಅದು ಸುತ್ತಲಿನ ಅಂಗಾಂಶವನ್ನೂ ಸೇರಿಸಿ ತೆಗೆಯುವಂಥದ್ದು. ರೋಗ ಮುಂದುವರಿದಿದ್ದರೆ ಶಸ್ತ್ರಚಿಕಿತ್ಸೆಯ ಬದಲು ರೇಡಿಯೇಷನ್ ಮತ್ತು ಕಿಮೋ ಕೊಡಬೇಕಾಗುತ್ತದೆ. ಗೊತ್ತಿಲ್ಲದೆ ಸಾದಾ ಆಪರೇಷನ್ ಮಾಡಿ ಗರ್ಭಕೋಶ ತೆಗೆದುಬಿಟ್ಟರೆ ರೋಗ ಉಳಿದುಬಿಡಬಹುದು, ಮುಂದಿನ ಚಿಕಿತ್ಸೆಯೂ ಜಟಿಲವಾಗುತ್ತದೆ. ಹಾಗಾಗಿ ರಕ್ತ ಕಂಡಿದ್ದಕ್ಕೆ ಯಾರಾದರೂ ನೇರವಾಗಿ ಆಪರೇಷನ್ನಿನ ದಿನ ಗೊತ್ತುಮಾಡಿದರೆ “ಬಯಾಪ್ಸಿ ರಿಪೋರ್ಟ್ ಎಲ್ಲಿ?” ಎಂದು ಮನೆಯವರು ಕೇಳಬೇಕು. ಬಿಪಿಎಲ್ ಕುಟುಂಬಗಳ ಕ್ಯಾನ್ಸರ್ ಚಿಕಿತ್ಸೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಸೇರಿದೆ. ರೋಗ ಖಚಿತವಾದರೆ ಬೆಂಗಳೂರಿನ ಕಿದ್ವಾಯಿಯಂಥ ಕ್ಯಾನ್ಸರ್ ಸಂಸ್ಥೆಗೆ ಹೋಗುವ ದಾರಿ ಇದೆ.

ಒಳಪದರ ದಪ್ಪಗಾಗಿದೆ ಎಂದ ಕೂಡಲೇ ಗರ್ಭಕೋಶ ತೆಗೆಯಬೇಕೆಂದೂ ಇಲ್ಲ. ಬಯಾಪ್ಸಿಯಲ್ಲಿ ಹೈಪರ್‌ಪ್ಲೇಸಿಯಾ ಎಂದು ಬಂದರೆ ಅದರ ಮುಂದಿನ ಪದ ಓದಬೇಕು. ಕಣಗಳು ಹೆಚ್ಚಿವೆ, ಆದರೆ ಅವುಗಳ ರೂಪ ಕೆಟ್ಟಿಲ್ಲ ಎಂದಾದರೆ ಕ್ಯಾನ್ಸರಾಗುವ ಸಾಧ್ಯತೆ ಇಪ್ಪತ್ತು ವರ್ಷದಲ್ಲಿ ನೂರಕ್ಕೆ ಐದಕ್ಕಿಂತ ಕಡಿಮೆ. ಪ್ರೊಜೆಸ್ಟರಾನ್ ಬಗೆಯ ಮಾತ್ರೆ ಅಥವಾ ಹಾರ್ಮೋನು ಇರುವ ಕಾಪರ್-ಟಿಯಂಥ ಸಾಧನವನ್ನು ಗರ್ಭಕೋಶದೊಳಗಿಟ್ಟು, ಆರು ತಿಂಗಳಿಗೊಮ್ಮೆ ಬಯಾಪ್ಸಿ ಮಾಡುತ್ತಾ ಕಾಯಬಹುದು. ಕಣಗಳ ರೂಪವೇ ಕೆಟ್ಟಿದೆ, ಅಂದರೆ ಅಟಿಪಿಯಾ ಇದೆ ಎಂದಾದರೆ ಲೆಕ್ಕ ಬೇರೆ. ಅಂಥ ಅನೇಕರಲ್ಲಿ ಆಗಲೇ ಪಕ್ಕದಲ್ಲಿ ಕ್ಯಾನ್ಸರ್ ಅಡಗಿರುತ್ತದೆ, ಅವರಿಗೆ ಗರ್ಭಕೋಶ ತೆಗೆಯುವುದೇ ಸರಿಯಾದ ಚಿಕಿತ್ಸೆ.

ರಕ್ತಕ್ಕೆ ಸುಲಭವಾದ ಕಾರಣ ಕಣ್ಣ ಮುಂದೆಯೇ ಇದ್ದಾಗ ಹುಡುಕಾಟ ಸಡಿಲವಾಗುತ್ತದೆ. ಹೃದಯದ ಕಾಯಿಲೆಗೆ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವ ಮಹಿಳೆಗೆ ರಕ್ತ ಕಂಡರೆ ಮನೆಯವರೆಲ್ಲ ಆ ಮಾತ್ರೆಯ ಮೇಲೇ ಹೊರಿಸುತ್ತಾರೆ. ಮಾತ್ರೆ ರಕ್ತವನ್ನು ಹೆಚ್ಚಿಸಿರಬಹುದು, ಆದರೆ ಒಳಗಿರುವ ಪಾಲಿಪ್ಪೋ ಗಡ್ಡೆಯೋ ಅದರಿಂದಲೇ ಬಯಲಿಗೆ ಬಂದಿರಲೂಬಹುದು. ಅಂಥವರಿಗೂ ಇದೇ ಪರೀಕ್ಷೆ ಆಗಬೇಕು, ಮಾತ್ರೆಯನ್ನು ಮಾತ್ರ ತಾವೇ ನಿಲ್ಲಿಸಬಾರದು. ಹಾರ್ಮೋನು ಚಿಕಿತ್ಸೆ ಹೊಸದಾಗಿ ಶುರು ಮಾಡಿದವರಿಗೆ ಮೊದಲ ಕೆಲವು ತಿಂಗಳು ಅಲ್ಲೊಂದು ಇಲ್ಲೊಂದು ಕಲೆ ಕಾಣುವುದುಂಟು, ಅದನ್ನು ವೈದ್ಯರಿಗೆ ತಿಳಿಸಿದರೆ ಸಾಕು. ಆರು ತಿಂಗಳು ದಾಟಿದ ಮೇಲೂ ಕಂಡರೆ, ಅಥವಾ ನಿಂತಿದ್ದು ಮತ್ತೆ ಶುರುವಾದರೆ, ಒಳಪದರವನ್ನು ನೋಡಬೇಕು. ಗರ್ಭಕೋಶ ಮೊದಲೇ ತೆಗೆಸಿಕೊಂಡವರು ತಮಗೆ ಇದು ಸಂಬಂಧವಿಲ್ಲ ಎಂದುಕೊಳ್ಳುತ್ತಾರೆ. ಅವರಲ್ಲೂ ಕೆಲವರಿಗೆ ಗರ್ಭಕೋಶದ ಕೊರಳನ್ನು ಉಳಿಸಿರುತ್ತಾರೆ, ಯೋನಿಯ ಒಳಪದರವಂತೂ ಎಲ್ಲರಿಗೂ ಇದ್ದೇ ಇದೆ. ರಕ್ತ ಕಂಡರೆ ಅವರೂ ತೋರಿಸಿಕೊಳ್ಳಬೇಕು.

ಎಲ್ಲ ಪರೀಕ್ಷೆಯೂ ನಾರ್ಮಲ್ ಎಂದು ಬಂದ ಮೇಲೆ ಮತ್ತೆ ರಕ್ತ ಕಂಡರೆ? ಪೈಪೆಲ್ ಒಳಪದರದ ಒಂದಷ್ಟು ಭಾಗವನ್ನು ಮಾತ್ರ ಹೀರುತ್ತದೆ. ಇಡೀ ಒಳಪದರಕ್ಕೆ ಹರಡಿದ ರೋಗವನ್ನು ಅದು ಚೆನ್ನಾಗಿ ಹಿಡಿಯುತ್ತದೆ, ಒಂದು ಮೂಲೆಯಲ್ಲಿ ಕೂತ ಪಾಲಿಪ್ ಅಥವಾ ಸಣ್ಣ ಗಡ್ಡೆಯ ಪಕ್ಕದಿಂದ ಜಾರಿಹೋಗಬಹುದು. ಕೆಲವೊಮ್ಮೆ ಸಿಕ್ಕ ಚೂರು ಪರೀಕ್ಷೆಗೆ ಸಾಲದಷ್ಟು ಕಡಿಮೆ ಎಂದು ಲ್ಯಾಬ್ ಬರೆಯುತ್ತದೆ. ಅದು ನಾರ್ಮಲ್ ಎಂಬ ಉತ್ತರವಲ್ಲ, ಉತ್ತರವೇ ಸಿಕ್ಕಿಲ್ಲ ಎಂದು. ಆಗ ಬೇಕಾಗುವುದು ಹಿಸ್ಟರೋಸ್ಕೋಪಿ. ತೆಳುವಾದ ಕ್ಯಾಮೆರಾವನ್ನು ಗರ್ಭಕೋಶದೊಳಗೆ ಇಳಿಸಿ, ದ್ರವ ತುಂಬಿ ಗೋಡೆಗಳನ್ನು ಅಗಲಿಸಿ, ಪರದೆಯ ಮೇಲೆ ಮೂಲೆಮೂಲೆ ನೋಡುತ್ತಾ ಅನುಮಾನ ಬಂದ ಜಾಗದಿಂದಲೇ ತುಣುಕು ತೆಗೆಯುತ್ತಾರೆ. ಐವತ್ತನಾಲ್ಕರ ಶಿಕ್ಷಕಿಯೊಬ್ಬರನ್ನು ಊಹಿಸಿಕೊಳ್ಳಿ. ಒಳಪದರ 6 ಮಿಲಿಮೀಟರ್, ಪೈಪೆಲ್ ರಿಪೋರ್ಟ್ ನಾರ್ಮಲ್. ನಾಲ್ಕು ತಿಂಗಳ ಮೇಲೆ ಮತ್ತೆ ಕಲೆ. ಹಳೆಯ ಫೈಲನ್ನು ಬ್ಯಾಗಿನಲ್ಲಿಟ್ಟುಕೊಂಡು ಮತ್ತೆ ಹೋಗುತ್ತಾರೆ. ಹಿಸ್ಟರೋಸ್ಕೋಪಿಯಲ್ಲಿ ಗರ್ಭಕೋಶದ ಮೇಲ್ಭಾಗದ ಎಡಮೂಲೆಗೆ ಅಂಟಿಕೊಂಡ ಒಂದೂವರೆ ಸೆಂಟಿಮೀಟರಿನ ಪಾಲಿಪ್ ಕಾಣುತ್ತದೆ. ಅದನ್ನು ಬುಡಸಮೇತ ಕತ್ತರಿಸಿ ತೆಗೆದು, ಸಂಜೆಯೇ ಮನೆಗೆ ಕಳಿಸುತ್ತಾರೆ. ಪಾಲಿಪ್ಪೂ ಲ್ಯಾಬಿಗೆ ಹೋಗುತ್ತದೆ, ಏಕೆಂದರೆ ಈ ವಯಸ್ಸಿನ ಪಾಲಿಪ್ಪುಗಳಲ್ಲಿ ಕೆಲವಕ್ಕೆ ಒಳಗೇ ಕ್ಯಾನ್ಸರ್ ಇರುತ್ತದೆ. ಈಕೆಯ ರಿಪೋರ್ಟ್ ಬಂದಾಗ ಅಂಥದ್ದೇನೂ ಇರುವುದಿಲ್ಲ.